ಟ್ರಯಲ್ ಬರಹದ ಒಂದೂವರೆ ಸಾವಿರ

ಬೆಂಗಳೂರಿನ ಒಂದು ಆ್ಯಪ್ ಕಂಪನಿಗೆ ಟ್ರಯಲ್ ಬರಹ ಕೊಟ್ಟಿದ್ದೆ. ಸಕ್ಕರೆ ಕಾಯಿಲೆ ಇರುವವರ ಊಟದ ಬಗ್ಗೆ 600 ಪದ. ಆಯ್ಕೆ ಆಗಲಿ ಬಿಡಲಿ, 1,500 ರೂಪಾಯಿ ಕೊಡುತ್ತೇವೆ ಅಂತ ವಾಟ್ಸಾಪ್‌ನಲ್ಲಿ ಹೇಳಿದ್ದರು. 4ನೇ ತಾರೀಕು ಕಳಿಸಿದೆ. "ಒಂದು ವಾರದಲ್ಲಿ ಹೇಳ್ತೀವಿ ಸರ್" ಅಂದರು.

ವಾರ ಕಳೆಯಿತು. ಇನ್ನೆರಡು ದಿನ ಬಿಟ್ಟು 13ಕ್ಕೆ ಮೇಲ್ ಮಾಡಿದೆ: ಬರಹ ಹೇಗಿತ್ತು, ಹಣ ಯಾವಾಗ ಬರುತ್ತದೆ? "ಟೀಮ್ ನೋಡ್ತಾ ಇದೆ" ಅಂತ ಒಂದೇ ಸಾಲಿನ ಉತ್ತರ ಬಂತು. ಹಣದ ಸುದ್ದಿಯೇ ಇಲ್ಲ.

ತಪ್ಪು ನನ್ನದೂ ಇತ್ತು. ಎರಡು ಪ್ರಶ್ನೆ ಒಂದೇ ಮೇಲ್‌ನಲ್ಲಿ ಕೇಳಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ಅದೂ ಅಲ್ಲದೆ ನನ್ನ ಬರಹ ಓದುವವರು ಎಡಿಟರ್, ಹಣ ಹಾಕುವವರು ಅಕೌಂಟ್ಸ್‌ನವರು. ಅಕೌಂಟ್ಸ್‌ನವರಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ. ಬಿಲ್ಲೇ ಕೊಡದೆ ಸುಮ್ನೆ ಕಾಯುತ್ತಾ ಕೂತಿದ್ದೆ.

ಮಾರನೇ ದಿನ ಹಣಕ್ಕೆ ಅಂತಲೇ ಬೇರೆ ಮೇಲ್ ಬರೆದೆ:

"ನಮಸ್ಕಾರ ಮೇಡಂ. 4ನೇ ತಾರೀಕು ಕೊಟ್ಟ ಟ್ರಯಲ್ ಬರಹದ ಬಿಲ್ ಲಗತ್ತಿಸಿದ್ದೇನೆ. ಮಾತಾಗಿದ್ದು 1,500 ರೂಪಾಯಿ. ಇದನ್ನು ಯಾರಿಗೆ ಕಳಿಸಬೇಕು, ಇನ್ನೇನಾದರೂ ದಾಖಲೆ ಬೇಕಾ, ತಿಳಿಸಿ."

ಬಿಲ್‌ನಲ್ಲಿ ನಂಬರ್, ತಾರೀಕು, ಕೆಲಸದ ಹೆಸರು, ಮೊತ್ತ, ಪ್ಯಾನ್, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಇಷ್ಟೇ. ಅವರ ವಾಟ್ಸಾಪ್ ಮಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ, ಆದರೆ ಕಳಿಸಲಿಲ್ಲ. ಮೊದಲ ಮೇಲ್‌ಗೇ ಸಾಕ್ಷಿ ಇಟ್ಟರೆ ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ಸಂಜೆಯೇ ವೆಂಡರ್ ಫಾರ್ಮ್ ಬಂತು, ಜೊತೆಗೆ ಕ್ಯಾನ್ಸಲ್ ಮಾಡಿದ ಚೆಕ್ ಕೇಳಿದರು. 27ಕ್ಕೆ ಖಾತೆಗೆ 1,350 ಬಿತ್ತು. ಟಿಡಿಎಸ್ ಅಂತ 150 ಹಿಡಿದಿದ್ದರು. ಇಷ್ಟು ಸಣ್ಣ ಮೊತ್ತಕ್ಕೆ ಹಿಡಿಯಬೇಕಾಗಿರಲಿಲ್ಲ. ನಾನು ವಾದಕ್ಕೆ ಹೋಗಲಿಲ್ಲ, ರಿಟರ್ನ್ ಹಾಕುವಾಗ ವಾಪಸ್ ಕೇಳಿಕೊಂಡೆ.

ಅಭಿಪ್ರಾಯ ಪಡೆಯುವುದೇ ಜಾಸ್ತಿ ಕಷ್ಟ ಆಯಿತು. "ಬರಹ ಹೇಗಿತ್ತು" ಅಂದರೆ "ಚೆನ್ನಾಗಿದೆ" ಅನ್ನುತ್ತಾರೆ, ಮುಂದೆ ಮಾತಿಲ್ಲ. ಹಣ ಬಂದ ಮೇಲೆ ಎಡಿಟರ್‌ಗೆ ಒಂದೇ ಪ್ರಶ್ನೆ ಬರೆದೆ: "ರಕ್ತದ ಸಕ್ಕರೆ ಏರುವುದನ್ನು ವಿವರಿಸಿದ ಎರಡನೇ ಪ್ಯಾರಾ ನಿಮ್ಮ ಓದುಗರಿಗೆ ಭಾರ ಆಯಿತಾ?" ಅರ್ಧ ಗಂಟೆಯಲ್ಲೇ ಉತ್ತರ. ಪ್ಯಾರಾ ಸರಿಯಾಗೇ ಇತ್ತಂತೆ. ಆದರೆ ನಾನು ಬರೀ ರಾಗಿ ಮುದ್ದೆ, ಸೊಪ್ಪಿನ ಸಾರು ಅಂತ ಬರೆದಿದ್ದೆ. ಅವರ ಓದುಗರು ಜಾಸ್ತಿ ಹುಬ್ಬಳ್ಳಿ, ಕಲಬುರಗಿ ಕಡೆಯವರು, ಜೋಳದ ರೊಟ್ಟಿ ತಿನ್ನುವವರು. ಆ ಕೆಲಸ ಧಾರವಾಡದ ಒಬ್ಬರಿಗೆ ಸಿಕ್ಕಿತ್ತು.

ಈಗ ಟ್ರಯಲ್ ಒಪ್ಪುವ ದಿನವೇ ಓದುಗರು ಯಾವ ಕಡೆಯವರು ಅಂತ ಕೇಳುತ್ತೇನೆ. ಬರಹದ ಜೊತೆಗೇ ಬಿಲ್ಲನ್ನೂ ಕಳಿಸಿಬಿಡುತ್ತೇನೆ.