ವಾಟ್ಸಾಪಿನಿಂದ ಮೇಲ್‌ಗೆ: ಸಾಲು, ಚುಕ್ಕೆ, ಇಮೋಜಿ ಕೆಡದ ಹಾಗೆ ಅಂಟಿಸುವುದು ಹೇಗೆ?

ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ನೋಟಿಸ್ ಹಾಕಿದ್ದೀರಿ. ಅಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನೇ ಕಾಪಿ ಮಾಡಿ ಮೇಲ್‌ಗೆ ಅಂಟಿಸಿದರೆ ಶೀರ್ಷಿಕೆಯ ಎರಡೂ ಬದಿ ನಕ್ಷತ್ರ ಬಂತು, ಚುಕ್ಕೆಗಳು ಹೋದವು. ಇಮೋಜಿ ಇದ್ದಲ್ಲಿ ಒಬ್ಬರಿಗೆ ಡಬ್ಬಿ, ಇನ್ನೊಬ್ಬರಿಗೆ ಪ್ರಶ್ನಾರ್ಥಕ ಚಿಹ್ನೆ. ಇವೆಲ್ಲ ಒಂದೇ ತೊಂದರೆಯಂತೆ ಕಾಣುತ್ತವೆ, ಆದರೆ ಒಂದೊಂದಕ್ಕೂ ಕಾರಣ ಬೇರೆ. ಏನು ಕೆಟ್ಟಿದೆ ಎಂದು ನೋಡಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಹುದು.

ಈ ನೋಟಿಸನ್ನೇ ತೆಗೆದುಕೊಳ್ಳೋಣ. ಫೋನಿನಲ್ಲಿ ಕಾಪಿ ಮಾಡಿದಾಗ ನಿಜವಾಗಿ ಕೈಗೆ ಬರುವುದು ಇಷ್ಟು:

```
*ಟ್ಯಾಂಕ್ ಸ್ವಚ್ಛತೆ* 🙏
- ಶನಿವಾರ 9ರಿಂದ 1ರವರೆಗೆ ನೀರು ಬರಲ್ಲ
- ಶುಕ್ರವಾರವೇ ನೀರು ಹಿಡಿದಿಡಿ
- ಮನೆಯವರಿಗೆಲ್ಲ ತಿಳಿಸಿ 👨‍👩‍👧
```

ವಾಟ್ಸಾಪಿನ ತೆರೆಯ ಮೇಲೆ ದಪ್ಪ ಅಕ್ಷರ ಕಾಣುತ್ತದೆ, ಚುಕ್ಕೆ ಕಾಣುತ್ತದೆ. ಆದರೆ ಬರಹದೊಳಗೆ ಇರುವುದು ನಕ್ಷತ್ರ ಮತ್ತು ಅಡ್ಡಗೆರೆ ಮಾತ್ರ. ಅವನ್ನು ನೋಡಿ ದಪ್ಪ ಮಾಡುವುದು, ಚುಕ್ಕೆ ಹಾಕುವುದು ವಾಟ್ಸಾಪ್. ಮೇಲ್‌ಗೆ ಆ ಗುರುತುಗಳ ಅರ್ಥ ಗೊತ್ತಿಲ್ಲ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ಮೊದಲು: ಬರೀ ಅಕ್ಷರವಾಗಿ ಅಂಟಿಸಿ

ಕಂಪ್ಯೂಟರಿನಲ್ಲಿ ಏನನ್ನಾದರೂ ಕಾಪಿ ಮಾಡಿದರೆ ಎಷ್ಟೋ ಸಲ ಎರಡು ರೂಪ ಒಟ್ಟಿಗೆ ಹೋಗುತ್ತವೆ. ಒಂದು ಬರೀ ಅಕ್ಷರ, ಇನ್ನೊಂದು ಬಣ್ಣ, ಗಾತ್ರ, ಪಟ್ಟಿಗಳೊಂದಿಗಿನ ಎಚ್‌ಟಿಎಮ್‌ಎಲ್. ಯಾವುದನ್ನು ಎತ್ತಿಕೊಳ್ಳಬೇಕು ಎಂದು ತೀರ್ಮಾನಿಸುವುದು ಅಂಟಿಸಿಕೊಳ್ಳುವ ಆ್ಯಪ್. ಒಂದೇ ಬರಹ ಎರಡು ಕಡೆ ಎರಡು ಥರ ಕಾಣುವುದು ಇದರಿಂದಲೇ.

ಆದ್ದರಿಂದ ಜೀಮೇಲ್‌ನಲ್ಲಿ `Ctrl+V` ಬದಲು `Ctrl+Shift+V` ಒತ್ತಿ. ಆಗ ಬರುವುದು ಅಕ್ಷರ ಮಾತ್ರ. ನಕ್ಷತ್ರಗಳನ್ನೂ ಅಡ್ಡಗೆರೆಗಳನ್ನೂ ಅಳಿಸಿ. ಮೂರು ಸಾಲನ್ನು ಆಯ್ದುಕೊಂಡು `Ctrl+Shift+8` ಒತ್ತಿದರೆ ಮೇಲ್‌ನದೇ ಆದ ಚುಕ್ಕೆ ಪಟ್ಟಿ ಬರುತ್ತದೆ, `Ctrl+Shift+7` ಒತ್ತಿದರೆ ಸಂಖ್ಯೆಯ ಪಟ್ಟಿ. ಎರಡು ನಿಮಿಷದ ಕೆಲಸ ಅಷ್ಟೇ.

ಆಮೇಲೆ: ಸಾಲುಗಳನ್ನು ನೋಡಿ

ಎಂಟರ್ ಒತ್ತಿದಾಗ ಬರಹದೊಳಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರುತ್ತದೆ. ಚಾಟ್‌ನಲ್ಲಿ ಅದೇ ಹೊಸ ಸಾಲು. ಎಚ್‌ಟಿಎಮ್‌ಎಲ್‌ನಲ್ಲಿ ಹಾಗಲ್ಲ, ಆ ಗುರುತಿಗೆ ಒಂದು ಸ್ಪೇಸ್‌ನಷ್ಟೇ ಬೆಲೆ. ಸಾಲು ಮುರಿಯಬೇಕಾದರೆ ಹೀಗೆ ಹೇಳಲೇಬೇಕು:

```
ಶುಕ್ರವಾರವೇ ನೀರು ಹಿಡಿದಿಡಿ<br>
ಮನೆಯವರಿಗೆಲ್ಲ ತಿಳಿಸಿ
```

ಜೀಮೇಲ್‌ಗೆ ನೇರವಾಗಿ ಅಂಟಿಸಿದರೆ ಈ ಬದಲಾವಣೆಯನ್ನು ಅದೇ ಮಾಡಿಕೊಳ್ಳುತ್ತದೆ. ತೊಂದರೆ ಬರುವುದು ನೂರಾರು ಜನಕ್ಕೆ ಒಟ್ಟಿಗೆ ಮೇಲ್ ಕಳಿಸುವ ಸಾಧನಗಳಲ್ಲಿ. ಅಲ್ಲಿ ಎಚ್‌ಟಿಎಮ್‌ಎಲ್ ಪೆಟ್ಟಿಗೆಗೆ ಬರೀ ಅಕ್ಷರ ಸುರಿದರೆ ಇಡೀ ನೋಟಿಸ್ ಒಂದೇ ಉದ್ದ ಸಾಲಾಗುತ್ತದೆ.

ನೀವು ಬರೀ ಅಕ್ಷರದ ಮೇಲ್ ಕಳಿಸಿದ್ದರೆ ಇನ್ನೊಂದು ಸಂಗತಿ ತಿಳಿದಿರಲಿ. ಔಟ್‌ಲುಕ್‌ನಲ್ಲಿ ಓದುವವರಿಗೆ ಕೆಲವು ಸಾಲುಗಳು ಕೂಡಿಕೊಂಡು ಕಾಣಬಹುದು. ಹೆಚ್ಚುವರಿ ಎಂದು ತನಗೆ ಅನ್ನಿಸಿದ ಸಾಲು ಮುರಿತವನ್ನು ಅದು ತಾನಾಗಿಯೇ ತೆಗೆಯುತ್ತದೆ. ಮೇಲ್‌ನ ಮೇಲ್ಭಾಗದಲ್ಲಿ `Extra line breaks in this message were removed` ಎಂದು ಬರೆದಿದ್ದರೆ ಕಾರಣ ಅದೇ. ಆ ಸೂಚನೆಯ ಮೇಲೆ ಒತ್ತಿದರೆ ಸಾಲುಗಳು ಮರಳಿ ಬರುತ್ತವೆ. ಓದುವವರಿಗೆ ಈ ಕೆಲಸ ಕೊಡುವುದು ಬೇಡ ಅಲ್ವಾ? ಒಂದೊಂದು ಅಂಶದ ನಡುವೆ ಒಂದು ಖಾಲಿ ಸಾಲು ಬಿಟ್ಟು ಕಳಿಸಿ.

ಕೊನೆಗೆ: ಇಮೋಜಿ

ಇದರಲ್ಲಿ ಕಾಯಿಲೆ ಗುರುತಿಸುವುದು ಜಾಸ್ತಿ ಮುಖ್ಯ. ಯಾಕೆಂದರೆ ಕೆಲವನ್ನು ಸರಿಮಾಡಬಹುದು, ಕೆಲವನ್ನು ಆಗುವುದಿಲ್ಲ.

🙏 ಇದ್ದಲ್ಲಿ ಖಾಲಿ ಡಬ್ಬಿ ಕಂಡರೆ ಹೆದರಬೇಡಿ. ಅಕ್ಷರ ಸರಿಯಾಗಿಯೇ ತಲುಪಿದೆ, ಅದನ್ನು ಬಿಡಿಸುವ ಫಾಂಟ್ ಆ ಯಂತ್ರದಲ್ಲಿಲ್ಲ. ಅದೇ ಮೇಲನ್ನು ಹೊಸ ಫೋನಿನಲ್ಲಿ ತೆರೆದರೆ ಕೈಮುಗಿದ ಚಿತ್ರ ಕಾಣುತ್ತದೆ. ಭಾರತದ ಧ್ವಜದ ಬದಲು ವಿಂಡೋಸ್‌ನಲ್ಲಿ `IN` ಎಂಬ ಎರಡು ಅಕ್ಷರ ಕಾಣುವುದೂ ಇದೇ ಜಾತಿಯ ತೊಂದರೆ.

`?` ಕಂಡರೆ ಮಾತ್ರ ಕಥೆ ಮುಗಿದ ಹಾಗೆ. ದಾರಿಯಲ್ಲಿ ಯಾವುದೋ ಹಳೆಯ ವ್ಯವಸ್ಥೆಗೆ ಆ ಅಕ್ಷರ ಗೊತ್ತಿರಲಿಲ್ಲ, ಕಿತ್ತುಹಾಕಿ ಪ್ರಶ್ನಾರ್ಥಕ ಇಟ್ಟಿದೆ. ಫಾಂಟ್ ಬದಲಿಸಿದರೆ ಏನೂ ಪ್ರಯೋಜನವಿಲ್ಲ. ಮೂಲದಿಂದ ಮತ್ತೆ ಕಳಿಸಬೇಕು.

ಮೂರನೆಯದು `ðŸ™` ಥರದ ಕಲಸುಮೇಲೋಗರ. ಈಗಿನ ಬರಹವೆಲ್ಲ ಸಾಮಾನ್ಯವಾಗಿ ಯುಟಿಎಫ್-8 ಎಂಬ ಕ್ರಮದಲ್ಲಿರುತ್ತದೆ. ಅದರಲ್ಲಿ 🙏ಗೆ 4 ಬೈಟ್, ಒಂದು ಕನ್ನಡ ಅಕ್ಷರಕ್ಕೆ 3 ಬೈಟ್. ಒಂದು ಬೈಟ್ ಎಂದರೆ ಒಂದು ಅಕ್ಷರ ಎಂದುಕೊಳ್ಳುವ ಹಳೆಯ ಪದ್ಧತಿಯಲ್ಲಿ ಓದಿದರೆ ಈ ಗತಿ. ಆಗ ‘ಕ’ ಕೂಡ `à²•` ಆಗುತ್ತದೆ. ನೀವು ಹಾಕಿರದ ಚುಕ್ಕೆ ಬರಹದ ತುಂಬ ಕಂಡರೆ ಅದು ಪಟ್ಟಿಯ ಚುಕ್ಕೆಯಲ್ಲ, ‘ಕ’ದ ಮೂರನೇ ಬೈಟ್. ಇಲ್ಲಿ ಏನೂ ಕಳೆದಿಲ್ಲ. ಓದುವ ಪ್ರೋಗ್ರಾಂನಲ್ಲಿ ಎನ್‌ಕೋಡಿಂಗ್ ಅನ್ನು `UTF-8`ಗೆ ಬದಲಿಸಿದರೆ ಎಷ್ಟೋ ಸಲ ಬರಹ ಮರಳಿ ಬರುತ್ತದೆ.

ಇನ್ನು 👨‍👩‍👧. ಇದು ಒಂದೇ ಚಿತ್ರವಲ್ಲ. ಗಂಡಸು, ಹೆಂಗಸು, ಹುಡುಗಿ ಎಂಬ ಮೂರು ಇಮೋಜಿಗಳ ನಡುವೆ ಕಣ್ಣಿಗೆ ಕಾಣದ ಒಂದೊಂದು ಬೆಸುಗೆ ಅಕ್ಷರವಿದೆ, ಯುನಿಕೋಡ್‌ನಲ್ಲಿ ಅದು `U+200D`. ಕಾಣದ ಅಕ್ಷರಗಳನ್ನೆಲ್ಲ ಕಸವೆಂದು ಗುಡಿಸುವ ಸಾಧನಗಳಿವೆ. ಅವು ಬೆಸುಗೆ ತೆಗೆದರೆ ಸಂಸಾರ ಬೇರೆಯಾಗಿ 👨👩👧 ಎಂದು ನಿಲ್ಲುತ್ತದೆ.

ಕನ್ನಡದವರು ಇದನ್ನು ಸುಮ್ನೆ ಇಮೋಜಿಯ ವಿಷಯ ಎಂದು ಬಿಡುವಂತಿಲ್ಲ. ‘ರ‍್ಯಾಂಕ್’ ಎಂದು ಬರೆಯಲು ನಮಗೆ ಬೇಕಾಗಿರುವುದೂ ಅದೇ `U+200D`. ಅದು ಹೋದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬಂದುಬಿಡುತ್ತದೆ. ಅದರ ಜೊತೆಗಾರ `U+200C` ಹೋದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಎಂಬ ಒತ್ತಿನ ಗಂಟಾಗುತ್ತದೆ. ಹಾಗಾಗಿ ಹೊಸ ಸಾಧನವೊಂದರಿಂದ ಮೇಲ್ ಕಳಿಸುವ ಮುಂಚೆ ಈ ಎರಡು ಪದಗಳನ್ನೂ ಒಂದು 👨‍👩‍👧 ಅನ್ನೂ ನಿಮಗೇ ಕಳಿಸಿಕೊಂಡು ನೋಡಿ. ಮೂರೂ ಸರಿಯಾಗಿ ಬಂದರೆ ಬೆಸುಗೆ ಉಳಿದಿದೆ. ಕೆಟ್ಟಿದ್ದರೆ ಆ ಸಾಧನದಲ್ಲಿ ಬರಹ ಸ್ವಚ್ಛಗೊಳಿಸುವ ಆಯ್ಕೆ ಇದೆಯೇ ಹುಡುಕಿ, ಅದನ್ನು ನಿಲ್ಲಿಸಿ.

ಮೇಲ್‌ನಿಂದ ವಾಟ್ಸಾಪಿಗೆ ತರುವಾಗ

ಇಲ್ಲಿ ಎಲ್ಲ ಉಲ್ಟಾ. ಮೇಲ್‌ನ ಚುಕ್ಕೆ ಮತ್ತು ಸಂಖ್ಯೆ ಬರಹದೊಳಗಿನ ಅಕ್ಷರಗಳಲ್ಲ, ತೋರಿಸುವಾಗ ಬಿಡಿಸಿದವು. ಅಂಟಿಸಿದಾಗ ಅವು ಮಾಯವಾಗಬಹುದು. ‘3ನೇ ಅಂಶ ನೋಡಿ’ ಎಂದು ಬರೆದಿದ್ದು, ಕೆಳಗೆ ಸಂಖ್ಯೆಯೇ ಇಲ್ಲದಿದ್ದರೆ ಓದುವವರು ಏನು ನೋಡಬೇಕು? ಸಂಖ್ಯೆಗಳನ್ನು ಕೈಯಾರೆ ಟೈಪ್ ಮಾಡಿ. ವಾಕ್ಯದ ಕೊನೆಯಲ್ಲಿ ಒಂಟಿ `J` ಕಂಡರೆ ಅದನ್ನೂ ಅಳಿಸಿ. ವರ್ಡ್ ಅಥವಾ ಔಟ್‌ಲುಕ್‌ನ ಹಳೆಯ ಆವೃತ್ತಿಗಳಲ್ಲಿ `:)` ಟೈಪ್ ಮಾಡಿದರೆ ಅದು ವಿಂಗ್‌ಡಿಂಗ್ಸ್ ಎಂಬ ಫಾಂಟಿನ `J` ಆಗುತ್ತದೆ. ಆ ಫಾಂಟಿನಲ್ಲಿ `J`ಗೆ ನಗುಮುಖದ ಚಿತ್ರವಿದೆ. ಚಾಟ್‌ಗೆ ಬರುವಾಗ ಫಾಂಟ್ ಹಿಂದೆ ಉಳಿಯುತ್ತದೆ, `J` ಮಾತ್ರ ಬರುತ್ತದೆ.