ಸಕ್ಸೆಷನ್ ಸರ್ಟಿಫಿಕೇಟ್ ಅರ್ಜಿ: ನಾನು ಪಟ್ಟಿ ಸಿದ್ಧಪಡಿಸುವ ಕ್ರಮ

ಕಕ್ಷಿದಾರರು ಬಂದಾಗ ನಾನು ಮೊದಲು ಕೇಳುವುದು ಎರಡೇ: ವಿಲ್ ಇದೆಯೇ? ಬಿಟ್ಟುಹೋದದ್ದು ಹಣವೋ, ಜಮೀನೋ? ಯಾವ ಕಾಗದ ಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಒಂದು ಉದಾಹರಣೆ. ಮೈಸೂರಿನಲ್ಲಿದ್ದ ಹಿಂದೂ ಗೃಹಸ್ಥರು ವಿಲ್ ಬರೆಯದೆ ತೀರಿಕೊಂಡರು ಎನ್ನಿ. ನಾಮಿನಿ ಇಲ್ಲದ 22 ಲಕ್ಷದ ಎಫ್‌ಡಿ, ಒಂದಿಷ್ಟು ಷೇರು, ಒಂದು ನಿವೇಶನ ಇವೆ. ಎಫ್‌ಡಿ ಮತ್ತು ಷೇರಿಗೆ ನ್ಯಾಯಾಲಯ ವಾರಸುದಾರರಿಗೆ ಕೊಡುವ ಸಕ್ಸೆಷನ್ ಸರ್ಟಿಫಿಕೇಟ್ ಸಾಕು. ನಿವೇಶನಕ್ಕೆ ಅದು ನಡೆಯುವುದಿಲ್ಲ, ಏಕೆಂದರೆ ಆ ಸರ್ಟಿಫಿಕೇಟ್ ಬರಬೇಕಾದ ಹಣ ಮತ್ತು ಷೇರು, ಬಾಂಡ್‌ಗಳಿಗೆ ಮಾತ್ರ. ನಿವೇಶನದ ಖಾತೆಯನ್ನು ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಬದಲಾಯಿಸಿಕೊಳ್ಳಬೇಕು. ಹಾಗಾಗಿ ಅದನ್ನು ಅರ್ಜಿಯ ಪಟ್ಟಿಗೆ ಸೇರಿಸುವುದಿಲ್ಲ. ಕೋರ್ಟ್ ಶುಲ್ಕವೂ ಪಟ್ಟಿಯ ಮೊತ್ತದ ಮೇಲೆಯೇ ಬೀಳುತ್ತದೆ.

ಅರ್ಜಿ ಹಾಕುವುದು ತೀರಿಕೊಂಡವರು ವಾಸವಿದ್ದ ಊರಿನ ನ್ಯಾಯಾಲಯದಲ್ಲಿ. ಬ್ಯಾಂಕ್ ಶಾಖೆ ಹುಬ್ಬಳ್ಳಿಯಲ್ಲಿದ್ದರೂ ಚಿಂತೆಯಿಲ್ಲ, ಸರ್ಟಿಫಿಕೇಟ್ ದೇಶದಲ್ಲೆಲ್ಲ ನಡೆಯುತ್ತದೆ.

ಹೆಚ್ಚು ತಪ್ಪುವುದು ವಾರಸುದಾರರ ಪಟ್ಟಿಯಲ್ಲಿ. ಹೆಂಡತಿ, ಮಗ, ಮಗಳು ಎಂದು ಬರೆದು ನಿಲ್ಲಿಸುತ್ತಾರೆ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರೂ ಮೊದಲ ದರ್ಜೆಯ ವಾರಸುದಾರರು, ಇಲ್ಲಿ ಅವರಿಗೆ ನಾಲ್ಕನೇ ಒಂದು ಪಾಲು. ಮಗನ ನಂತರ ತಾಯಿಯೂ ತೀರಿಕೊಂಡಿದ್ದರೆ ಆ ಪಾಲು ಅವರ ಉಳಿದ ಮಕ್ಕಳಿಗೂ ಹರಿಯುತ್ತದೆ. ಇದನ್ನು ಮುಚ್ಚಿಟ್ಟು ಪಡೆದ ಸರ್ಟಿಫಿಕೇಟನ್ನು ನ್ಯಾಯಾಲಯ ರದ್ದುಮಾಡಬಹುದು. ಆದ್ದರಿಂದ ಎರಡೂ ಮರಣ ದಿನಾಂಕಗಳನ್ನು ಪಕ್ಕಪಕ್ಕ ಬರೆದು ನೋಡದೆ ನಾನು ಮುಂದುವರಿಯುವುದಿಲ್ಲ.

ಮುಂದಿನದು ಎಫ್‌ಡಿ ಸಂಖ್ಯೆ. ಠೇವಣಿ ತಾನಾಗಿ ನವೀಕರಣವಾದಾಗ ಕೆಲವು ಬ್ಯಾಂಕುಗಳಲ್ಲಿ ಸಂಖ್ಯೆ ಬದಲಾಗುತ್ತದೆ. ಮನೆಯಲ್ಲಿ ಸಿಕ್ಕ ಹಳೆಯ ರಸೀದಿ ನೋಡಿ ಬರೆದರೆ ಆದೇಶ ಬಂದಮೇಲೂ ಬ್ಯಾಂಕು ದುಡ್ಡು ಕೊಡುವುದಿಲ್ಲ. ಈಗಿನ ಸಂಖ್ಯೆ, ಮೊತ್ತ, ಮರಣದ ದಿನದ ಬಡ್ಡಿ ಇರುವ ಪತ್ರವನ್ನು ಬ್ಯಾಂಕಿನಿಂದ ಮೊದಲೇ ಪಡೆಯಿರಿ. ಒಂದು ಖಾತೆ ಬಿಟ್ಟುಹೋಗಿದ್ದರೆ ಅದೇ ಸರ್ಟಿಫಿಕೇಟನ್ನು ವಿಸ್ತರಿಸಲು ಕೇಳಬಹುದು, ಆದರೆ ಅದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ.

ಸರ್ಟಿಫಿಕೇಟ್ ಮಗನ ಹೆಸರಿಗೆ ಬಂದ ಮಾತ್ರಕ್ಕೆ ದುಡ್ಡು ಅವನದಾಗುವುದಿಲ್ಲ. ಬ್ಯಾಂಕು ಅವನಿಗೆ ಕೊಟ್ಟು ಹೊಣೆ ಕಳೆದುಕೊಳ್ಳುತ್ತದೆ, ಉಳಿದವರ ಪಾಲು ಕೊಡುವುದು ಅವನ ಜವಾಬ್ದಾರಿ. ನಾಮಿನಿಯ ಸ್ಥಿತಿಯೂ ಇದೇ.

ವಿಲ್ ಇದ್ದರೆ ದಾರಿ ಬೇರೆ. ಅದನ್ನು ಜಾರಿಗೊಳಿಸಲು ವಿಲ್‌ನಲ್ಲೇ ಒಬ್ಬರನ್ನು ನೇಮಿಸಿದ್ದರೆ ಪ್ರೊಬೇಟ್, ಅಂದರೆ ವಿಲ್ ಸಾಚಾ ಎಂದು ನ್ಯಾಯಾಲಯ ಕೊಡುವ ದೃಢೀಕರಣ, ಸಿಗುವುದು ಅವರಿಗೆ ಮಾತ್ರ. ಯಾರನ್ನೂ ನೇಮಿಸಿಲ್ಲದಿದ್ದರೆ ವಿಲ್ ಲಗತ್ತಿಸಿ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ನಿರ್ವಹಿಸಲು ನ್ಯಾಯಾಲಯದ ಅಧಿಕಾರಪತ್ರ, ಕೇಳಬೇಕು. ಇವೆರಡೂ ಸ್ಥಿರಾಸ್ತಿಗೂ ಅನ್ವಯಿಸುತ್ತವೆ. ಕರ್ನಾಟಕದಲ್ಲಿ ಬರೆದ, ಇಲ್ಲಿನ ಆಸ್ತಿಯ ಹಿಂದೂ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲ. ಆದರೂ ವಿಲ್ ಬಗ್ಗೆ ಮನೆಯಲ್ಲಿ ತಕರಾರಿದ್ದರೆ, ಸಾಕ್ಷಿ ಹಾಕಿದವರು ಬದುಕಿರುವಾಗಲೇ ಪಡೆದುಕೊಳ್ಳಿ ಎನ್ನುತ್ತೇನೆ. ಅವರಲ್ಲಿ ಒಬ್ಬರಾದರೂ ಬಂದು ನುಡಿದರೆ ವಿಲ್ ರುಜುವಾತು ಮಾಡುವುದು ಎಷ್ಟೋ ಸುಲಭ.