ಹೂಡಿಕೆದಾರರಿಗೆ ತಿಂಗಳ ಮೇಲ್: ವಾಟ್ಸಾಪ್ ಚೂರುಗಳಿಂದ ಒಂದು ಪುಟ

ದಾವಣಗೆರೆಯಲ್ಲಿ ರೈತರ ಮೆಕ್ಕೆಜೋಳ ಒಣಗಿಸಿ, ಕೋಳಿ ಆಹಾರದ ಮಿಲ್ಲುಗಳಿಗೆ ಮಾರಿಸಿಕೊಡುವ ಪುಟ್ಟ ಸ್ಟಾರ್ಟಪ್ ಒಂದಿದೆ. ಲೆಕ್ಕ ನೋಡಲು ನಾನು ಆಗಾಗ ಹೋಗುತ್ತೇನೆ. ನಡೆಸುವ ಹುಡುಗ ಚುರುಕು. ಆದರೆ ದುಡ್ಡು ಹಾಕಿದ ಐದು ಜನಕ್ಕೆ ಅವನು ಸುದ್ದಿ ಕೊಡುತ್ತಿದ್ದ ರೀತಿ ನೋಡಿ: ಒಬ್ಬರಿಗೆ ರಾತ್ರಿ ಹನ್ನೊಂದಕ್ಕೆ ವಾಯ್ಸ್ ನೋಟ್, ಇನ್ನೊಬ್ಬರಿಗೆ ಡ್ರೈಯರ್ ಮುಂದೆ ನಿಂತ ಫೋಟೊ, ಗ್ರೂಪಿನಲ್ಲಿ "44 ಲಕ್ಷ ದಾಟಿದ್ವಿ ಸರ್!!" ಅನ್ನೋ ಒಂದು ಸಾಲು. ಕೆಟ್ಟ ತಿಂಗಳು ಬಂದರೆ ಸದ್ದೇ ಇಲ್ಲ. ಈ ಚೂರುಗಳನ್ನೇ ತಿಂಗಳಿಗೊಂದು ಪುಟದ ಮೇಲ್ ಮಾಡುವುದು ಹೀಗೆ.

1. ಒಟ್ಟು ಮಾಡಿ. ತಿಂಗಳಲ್ಲಿ ಕಳಿಸಿದ್ದೆಲ್ಲ ಒಂದೇ ಕಡೆ ಪೇಸ್ಟ್ ಮಾಡಿ. ವಾಯ್ಸ್ ನೋಟ್ ಕೇಳಿ ಒಂದು ಸಾಲು ಬರೆದುಕೊಳ್ಳಿ. ಅರ್ಧ ಗಂಟೆ ಸಾಕು.

2. ಜರಡಿ ಹಿಡಿಯಿರಿ. ಅಂಕಿ, ತೊಂದರೆ, ಕೇಳಬೇಕಾದ ಸಹಾಯ, ಈ ಮೂರು ಇಟ್ಟುಕೊಳ್ಳಿ. ಸನ್ಮಾನದ ಫೋಟೊ, "ಒಂದು ದೊಡ್ಡ ಕಂಪನಿ ಜೊತೆ ಮಾತಾಡ್ತಿದೀವಿ" ಎಲ್ಲ ಹೊರಗೆ.

3. ಅಂಕಿ ಸರಿಮಾಡಿ. ಎಲ್ಲರೂ ಎಡವುವುದು ಇಲ್ಲೇ. ಆ 44 ಲಕ್ಷ ಏನು ಅಂತ ಕೇಳಿದೆ. "ವ್ಯಾಪಾರ ಅಣ್ಣಾ" ಅಂದ. ಬಿಡಿಸಿ ನೋಡಿದರೆ 2,000 ಕ್ವಿಂಟಲ್ ಜೋಳ, ಕ್ವಿಂಟಲ್‌ಗೆ 2,200 ರೂಪಾಯಿ. ಅದು ರೈತರ ಮಾಲಿನ ಬೆಲೆ, ಕಂಪನಿಯ ಆದಾಯ ಅಲ್ಲ. ಒಣಗಿಸಿ ಮಾರಿಸಿದ್ದಕ್ಕೆ ಕಂಪನಿಗೆ ಸಿಗುವುದು ಕ್ವಿಂಟಲ್‌ಗೆ 100 ರೂಪಾಯಿ. ಅಂದರೆ ಆದಾಯ 2 ಲಕ್ಷ. ಅದರಲ್ಲೂ ಕೈಗೆ ಬಂದಿದ್ದು 1.4 ಲಕ್ಷ, ಉಳಿದ 60 ಸಾವಿರ ಮಿಲ್ಲಿನವರ ಬಾಕಿ. 44 ಲಕ್ಷ ಬರೆಯಬಾರದು ಅಂತಲ್ಲ, "ನಮ್ಮ ಮೂಲಕ ಹೋದ ಮಾಲು" ಅಂತ ಹೆಸರು ಹಾಕಿ ಬರೆಯಿರಿ. ಆದಾಯದ ಸಾಲು ಬೇರೆ, ಕೈಗೆ ಬಂದ ದುಡ್ಡಿನ ಸಾಲು ಬೇರೆ.

ಆಮೇಲೆ ಬ್ಯಾಂಕ್. ತಿಂಗಳ ಕೊನೆಯ ದಿನ ಖಾತೆಯಲ್ಲಿ 25.6 ಲಕ್ಷ ಇತ್ತು. ಹುಡುಗ ಅಷ್ಟನ್ನೂ ಬರೆದುಬಿಟ್ಟಿದ್ದ. ಆದರೆ ಅದರಲ್ಲಿ 4 ಲಕ್ಷ, ಮಿಲ್ಲಿನಿಂದ ಬಂದು ಇನ್ನೂ ರೈತರಿಗೆ ಕಳಿಸದ ದುಡ್ಡು. ಕಂಪನಿಯದು 21.6 ಲಕ್ಷ ಮಾತ್ರ. ತಿಂಗಳ ಖರ್ಚು 5 ಲಕ್ಷ, ಬಂದಿದ್ದು 1.4, ಹಾಗಾಗಿ ಕರಗಿದ್ದು 3.6 ಲಕ್ಷ. ಒಂದೇ ತಿಂಗಳು ನಂಬಬೇಡಿ, ಮೂರು ತಿಂಗಳ ಸರಾಸರಿ ತೆಗೆಯಿರಿ. ಇವನದು 3.4, 3.8, 3.6, ಸರಾಸರಿಯೂ 3.6 ಬಂತು. 21.6ನ್ನು ಅದರಿಂದ ಭಾಗಿಸಿದರೆ ಆರು ತಿಂಗಳು. ಕೈಲಿರುವ ದುಡ್ಡು ಇನ್ನೆಷ್ಟು ತಿಂಗಳು ಬರುತ್ತದೆ ಅನ್ನುವ ಈ ಲೆಕ್ಕಕ್ಕೇ ರನ್‌ವೇ ಅನ್ನುವುದು. ಅವನ ಲೆಕ್ಕದಲ್ಲಿ ಏಳು ತಿಂಗಳು ಇತ್ತು! ಮತ್ತೆ, ಜೋಳದಂಥ ಸುಗ್ಗಿ ವ್ಯಾಪಾರಕ್ಕೆ ಈ ಸರಾಸರಿಯೂ ಸ್ವಲ್ಪ ಸುಳ್ಳು ಹೇಳುತ್ತದೆ, ಮಾಲು ಬರುವುದು ನಿಂತ ಮೇಲೆ ಆದಾಯ ಇಳಿಯುತ್ತದಲ್ವಾ? ಅದನ್ನೂ ಒಂದು ಸಾಲಲ್ಲಿ ಹೇಳಿಬಿಡಿ.

(ಇದಕ್ಕೆಲ್ಲ ತಿಂಗಳ ಬಾಡಿಗೆಯ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಮಾರಲು ಬರುತ್ತಾರೆ. ಐದು ಅಂಕಿಗೆ ಅದು ಯಾಕೆ? ಎಕ್ಸೆಲ್ ಸಾಕು. ಬಣ್ಣದ ಸ್ಲೈಡ್ ಟೆಂಪ್ಲೇಟೂ ಬೇಡ, ಫೋನಲ್ಲಿ ಅಕ್ಷರವೇ ಕಾಣಲ್ಲ.)

4. ಕೆಟ್ಟ ಸುದ್ದಿ ಮುಚ್ಚಿಡಬೇಡಿ. ಏನಾಯಿತು, ಯಾಕೆ, ಈಗ ಏನು ಮಾಡಿದ್ದೀರಿ, ಅಷ್ಟೇ. "ಸ್ವಲ್ಪ ಕ್ವಾಲಿಟಿ ಇಶ್ಯೂ ಇತ್ತು" ಅಂದರೆ ಓದುವವರಿಗೆ ಇನ್ನೂ ಜಾಸ್ತಿ ಅನುಮಾನ.

5. ಸಹಾಯ ಒಂದೇ ಕೇಳಿ. "ನಿಮ್ಮ ಬೆಂಬಲ ಇರಲಿ" ಅಂದರೆ ಯಾರೂ ಏನೂ ಮಾಡಲ್ಲ.

ಕೊನೆಗೆ ಹೋದ ಮೇಲ್ ಹೀಗಿತ್ತು:

> ಅಕ್ಟೋಬರ್: ಆದಾಯ 2 ಲಕ್ಷ, ಒಂದು ಲೋಡ್ ವಾಪಸ್, ರನ್‌ವೇ 6 ತಿಂಗಳು.
>
> ನಮ್ಮ ಮೂಲಕ ಹೋದ ಮಾಲು 44 ಲಕ್ಷ (2,000 ಕ್ವಿಂಟಲ್). ಆದಾಯ 2 ಲಕ್ಷ, ಕೈಗೆ ಬಂದಿದ್ದು 1.4 ಲಕ್ಷ. ಖರ್ಚು 5 ಲಕ್ಷ. ರೈತರ ದುಡ್ಡು ಬಿಟ್ಟು ಬ್ಯಾಂಕಿನಲ್ಲಿ 21.6 ಲಕ್ಷ. ಸುಗ್ಗಿ ಮುಗಿದ ಮೇಲೆ ಆದಾಯ ಇಳಿಯುತ್ತದೆ.
>
> ತೊಂದರೆ: ಒಂದು ಲಾರಿ ಲೋಡ್ ವಾಪಸ್ ಬಂತು (ಮೇಲಿನ ಲೆಕ್ಕದಲ್ಲಿ ಅದು ಇಲ್ಲ). ಮಿಲ್ಲಿನ ಮಿತಿ 14% ತೇವಾಂಶ, ನಮ್ಮದು 16.5% ಇತ್ತು. ಮೇಲಿನ ಚೀಲಗಳನ್ನು ಮಾತ್ರ ಪರೀಕ್ಷಿಸಿದ್ದೆವು. ಈಗ ಪ್ರತಿ ಹತ್ತನೇ ಚೀಲದಿಂದ ಸ್ಯಾಂಪಲ್ ತೆಗೆಯುತ್ತಿದ್ದೇವೆ.
>
> ಸಹಾಯ: ತುಮಕೂರು ಕಡೆ ಫೀಡ್ ಮಿಲ್ಲಿನ ಖರೀದಿ ಮ್ಯಾನೇಜರ್ ಗೊತ್ತಿದ್ದರೆ ಪರಿಚಯ ಮಾಡಿಸಿ.

6. ಕಳಿಸಿ. ತಿಂಗಳ 5ನೇ ತಾರೀಖಿನೊಳಗೆ, ಮೇಲ್‌ನಲ್ಲೇ ಬರೆದು, ಎಲ್ಲರಿಗೂ ಒಂದೇ ಸಲ. ಪಿಡಿಎಫ್ ಬೇಡ, ಅದನ್ನು "ಆಮೇಲೆ ನೋಡೋಣ" ಅಂತ ಬಿಟ್ಟುಬಿಡುತ್ತಾರೆ. ಮುಂದಿನ ತಿಂಗಳು ಇದನ್ನೇ ಕಾಪಿ ಮಾಡಿ, ಪ್ರತಿ ಅಂಕಿಯ ಪಕ್ಕ ಹೋದ ತಿಂಗಳದ್ದನ್ನೂ ಇಡಿ. ಆದಾಯ ಎಣಿಸುವ ರೀತಿ ಬದಲಾದರೆ ಹಳೆಯ ತಿಂಗಳಿನದನ್ನೂ ಹೊಸ ರೀತಿಯಲ್ಲೇ ಎಣಿಸಿ ಹಾಕಿ, ಬದಲಾಯಿಸಿದ್ದೀರಿ ಅಂತ ನೀವೇ ಹೇಳಿ.